ಬಿಸಿಲಿಗೆ ತಿರುಗಿಸಿ ಕಣ್ಣು ನೋಡು: ಮೇಕೆ ಸಾಕೋಕೆ ಹಟ್ಟಿಯ ಅಜ್ಜನಿಂದ ಕಲಿತದ್ದು

2022ರ ಸೆಪ್ಟೆಂಬರ್ ತಿಂಗಳನ್ನು ಹಿರಿಯೂರು ಕಡೆಯವರು ಯಾರೂ ಮರೆಯಲ್ಲ. ವಾಣಿ ವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಊರೂರಿಂದ ಜನ ಟ್ರ್ಯಾಕ್ಟರ್ ಹತ್ತಿಕೊಂಡು ನೋಡೋಕೆ ಹೋದರು. ನಾನೂ ಹೋಗಿದ್ದೆ. ಅದೇ ವಾರ ನನ್ನ ಕೊಟ್ಟಿಗೆಯಲ್ಲಿ ಮೊದಲನೇ ಮೇಕೆ ಸತ್ತಿತು.

ಅದಕ್ಕೂ ಮುಂಚೆ ಆರು ವರ್ಷ ಬೆಂಗಳೂರಲ್ಲಿದ್ದೆ. ಒಂದು ಗೋದಾಮಿನಲ್ಲಿ ಸರಕು ಬಂದದ್ದು, ಹೋದದ್ದು ಲೆಕ್ಕ ಇಡುವ ಕೆಲಸ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ಊರಿಗೆ ಬಂದೆ. ಮಾರ್ಚ್‌ನಲ್ಲಿ ಸಂತೆಯಿಂದ 22 ಹೆಣ್ಣು ಮೇಕೆ, ಒಂದು ಹೋತ ತಂದೆ. ಎಲ್ಲ ನಾಡಮೇಕೆಗಳೇ. ಪಶು ಆಸ್ಪತ್ರೆಯವರಿಂದ ಹಿರೇಬೇನೆಗೆ, ಕರುಳು ಬೇನೆಗೆ ಲಸಿಕೆ ಹಾಕಿಸಿದೆ. ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಹಲಗೆ ಹೊಡೆಸಿ ಕೊಟ್ಟಿಗೆ ಕಟ್ಟಿಸಿದೆ, ಹಿಕ್ಕೆ ಕೆಳಗೆ ಬೀಳೋ ಹಾಗೆ. ಬೋರ್‌ವೆಲ್ ಪಕ್ಕ ಅರ್ಧ ಎಕರೆಗೆ ಗಿನಿ ಹುಲ್ಲು ನೆಟ್ಟು, ಸ್ಪ್ರಿಂಕ್ಲರ್ ಹಾಕಿ, ಸುತ್ತ ತಂತಿ ಬೇಲಿ ಎಳೆಸಿದೆ. ಎರಡು ತಿಂಗಳಲ್ಲಿ ಆ ತುಂಡು ಎಷ್ಟು ಹಸಿರಾಯಿತು ಅಂದ್ರೆ, ಸುತ್ತ ಇರೋ ಕೆಂಪು ನೆಲದಲ್ಲಿ ದೂರದಿಂದಲೇ ಎದ್ದು ಕಾಣ್ತಿತ್ತು. ದಿನಾ ಬೆಳಿಗ್ಗೆ ಆರೂವರೆಗೆ ಮೇಕೆಗಳನ್ನ ಅದರೊಳಗೆ ಬಿಡ್ತಿದ್ದೆ. ಹತ್ತು ಗಂಟೆಗೆ ಹೊಟ್ಟೆ ತುಂಬಿಸಿಕೊಂಡು ವಾಪಸ್ ಬರ್ತಿದ್ದವು.

ನಮ್ಮ ಹೊಲದ ಪಕ್ಕದ ದಾರಿಯಲ್ಲಿ ಹಟ್ಟಿಯ ಅಜ್ಜ ಒಬ್ಬರು ದಿನಾ ಮಂದೆ ಹೊಡ್ಕೊಂಡು ಹೋಗ್ತಿದ್ದರು. ವಯಸ್ಸು ಎಪ್ಪತ್ತರ ಮೇಲೆ. ಕುರಿ, ಮೇಕೆ ಸೇರಿ ಅರವತ್ತರ ಹತ್ತಿರ ಇದ್ದವು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೋಟಿ. ಅವರು ಒಂಬತ್ತು ಗಂಟೆಗೆ ಮುಂಚೆ ಒಂದು ದಿನವೂ ಆ ದಾರಿಗೆ ಬಂದದ್ದು ನೋಡಿರಲಿಲ್ಲ. ಇಷ್ಟು ಹೊತ್ತಾಗಿ ಯಾಕೆ ಬಿಡ್ತಾರೆ ಅಂತ ಅನ್ನಿಸ್ತಿತ್ತು. ಒಂದು ಸಲ ನಾನೇ ಕರೆದೆ, "ಅಜ್ಜ, ಒಂದೊಪ್ಪತ್ತು ನಮ್ಮ ಹುಲ್ಲಿಗೆ ಬಿಡಿ, ಬೇಕಾದಷ್ಟಿದೆ" ಅಂದೆ. ಅವರು ಬೇಲಿ ಹತ್ತಿರ ಬಂದು ಒಳಗೆ ನೋಡಿದರು. ಬಗ್ಗಿ ಹುಲ್ಲಿನ ಬುಡಕ್ಕೆ ಕೈ ಹಾಕಿ ಒದ್ದೆ ಬೆರಳನ್ನ ಪಂಚೆಗೆ ಒರೆಸ್ಕೊಂಡರು. "ಬ್ಯಾಡ ಕಣಪ್ಪ, ನೆಲ ಹಸಿ ಐತೆ" ಅಂದು ಮುಂದೆ ಹೋದರು. ಮೇಕೆ ಕಾಲು ಕೆಸರಾಗುತ್ತೆ ಅಂತ ಹೇಳ್ತಿದ್ದಾರೆ ಅಂದ್ಕೊಂಡೆ.

ಆಗಸ್ಟ್ ಹೊತ್ತಿಗೆ ನನ್ನ ಮಂದೆಯಲ್ಲಿ ಏನೋ ಸರಿಯಿಲ್ಲ ಅನ್ನಿಸೋಕೆ ಶುರುವಾಯಿತು. ಕೂದಲು ಒರಟಾಗಿ ನಿಂತಿತ್ತು. ಕೆಲವು ಮೇಕೆ ಕೊಟ್ಟಿಗೆಯಿಂದ ಹುಲ್ಲಿನ ತನಕ ನಡೆಯೋದರಲ್ಲೇ ಹಿಂದೆ ಬೀಳ್ತಿದ್ದವು. ಬಾಗಿಲು ತೆಗೆದರೆ ಮೊದಲು ನುಗ್ಗುತ್ತಿದ್ದ ಕರಿಕಿವಿ ಈಗ ಕೊನೆಗೆ ಬರ್ತಿತ್ತು. ಆದರೆ ಮೇಯೋದು ಬಿಟ್ಟಿರಲಿಲ್ಲ. ಹಿಕ್ಕೆ ದುಂಡಗೆ, ಗಟ್ಟಿಯಾಗಿ ಚೆನ್ನಾಗೇ ಬೀಳ್ತಿತ್ತು. ಜಂತು ಇದ್ದರೆ ಉಚ್ಚಿಕೊಳ್ಳುತ್ತೆ ಅಂತ ನಾನು ತಿಳಿದಿದ್ದೆ. ಉಚ್ಚಿಕೊಳ್ತಿಲ್ಲ, ಜೂನ್‌ನಲ್ಲಿ ಒಂದು ಸಲ ಜಂತಿನ ಔಷಧಿ ಬೇರೆ ಕುಡಿಸಿದ್ದೀನಿ, ಹಾಗಾಗಿ ಜಂತಲ್ಲ ಅಂತ ತೀರ್ಮಾನ ಮಾಡಿದೆ. ಈದ ಮೇಕೆಗಳು, ಹಾಲು ಕೊಟ್ಟು ಸೊರಗಿವೆ ಅಂತ ಇನ್ನೊಂದು ಗಂಟೆ ಜಾಸ್ತಿ ಹುಲ್ಲಿಗೆ ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಎರಡನೇ ಮೇಕೆ ಸತ್ತ ದಿನ ಅಜ್ಜನ ದಾರಿ ಕಾದು ನಿಂತಿದ್ದೆ. ಅವರು ಮಂದೆಯನ್ನ ಮೊಮ್ಮಗನಿಗೆ ಬಿಟ್ಟು ಒಳಗೆ ಬಂದರು. ಸತ್ತ ಮೇಕೆಯ ಮೂಗು, ಬಾಯಿ, ಹಿಂಭಾಗ ನೋಡಿದರು. ರಕ್ತ ಸೋರಿದೆಯಾ ಅಂತ ನೋಡಿದ್ದು ಅದು. ಸೋರಿದ್ದರೆ ನೆರಡಿ ರೋಗ, ಅಂದ್ರೆ ಆಂಥ್ರಾಕ್ಸ್, ಇರಬಹುದು, ಆಗ ಹೆಣವನ್ನ ಕೊಯ್ಯಲೇಬಾರದು, ಮನುಷ್ಯರಿಗೂ ಬರುತ್ತೆ, ಸೀದಾ ಆಸ್ಪತ್ರೆಗೆ ತಿಳಿಸಬೇಕು. ರಕ್ತ ಇರಲಿಲ್ಲ. ಅಜ್ಜ ಬರೀ ಕೈಯಲ್ಲೇ ಕೊಯ್ಯೋಕೆ ಕೂತರು. ನಾನು ಬೇಡ ಅಂತ ಮನೆಯಿಂದ ಕೈಗವಸು ತಂದುಕೊಟ್ಟೆ.

ಹೊಟ್ಟೆ ಸೀಳಿ ದೊಡ್ಡ ಚೀಲವನ್ನ ಪಕ್ಕಕ್ಕೆ ಸರಿಸಿ, ಅದರ ಕೊನೆಗೆ ಕರುಳು ಶುರುವಾಗೋ ಕಡೆ ಇರುವ ನಾಲ್ಕನೇ ಹೊಟ್ಟೆಯನ್ನ ಬಿಡಿಸಿದರು. ಒಳಗೋಡೆ ಮಡಿಕೆ ಮಡಿಕೆಯಾಗಿ ಇರುತ್ತೆ. ಆ ಮಡಿಕೆಗಳ ಮಧ್ಯೆ ದಾರದಂಥ ಹುಳಗಳು. ಒಂದೊಂದೂ ಒಂದು ಅಂಗುಲಕ್ಕಿಂತ ಸ್ವಲ್ಪ ಕಡಿಮೆ. ಹತ್ತಿರದಿಂದ ನೋಡಿದರೆ ಕೆಂಪು ದಾರಕ್ಕೆ ಬಿಳಿ ದಾರ ಹೊಸೆದ ಹಾಗೆ ಕಾಣ್ತಿದ್ದವು, ಕೆಂಪು ಅದು ಕುಡಿದ ರಕ್ತ. ಕೆಲವು ಇನ್ನೂ ಅಲ್ಲಾಡ್ತಿದ್ದವು. ಉಳಿದ ಮಾಂಸ ನೋಡಿದರೆ ನೀರಲ್ಲಿ ತೊಳೆದಿಟ್ಟ ಹಾಗೆ ಬಿಳಚಿಕೊಂಡಿತ್ತು. ಕೊಯ್ದ ಕಡೆ ಹರಿದ ರಕ್ತ ಕೂಡ ತೆಳ್ಳಗೆ, ಕೆಂಪು ನೀರಿನ ಹಾಗೆ.

"ಇವು ರಕ್ತ ಕುಡಿಯೋ ಹುಳ. ಇವಕ್ಕೆ ಉಚ್ಚಿಕೊಳ್ಳಲ್ಲ ಕಣಪ್ಪ. ಸುಮ್ನೆ ನಿಂತ್ ನಿಂತಂಗೆ ಬತ್ತವೆ" ಅಂದರು ಅಜ್ಜ.

ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಕೈ ತೊಳ್ಕೊಂಡು ಬಂದು ಅಜ್ಜ ಬದುಕಿದ್ದ ಮೇಕೆಗಳನ್ನ ಒಂದೊಂದಾಗಿ ಹಿಡಿಯೋಕೆ ಹೇಳಿದರು. ಕೊಟ್ಟಿಗೆ ನೆರಳಲ್ಲಿ ಹಿಡಿದು ನಿಂತೆ. "ಬಿಸಿಲಿಗೆ ತಿರುಗಿಸು. ನೆಳ್ಳಲ್ಲಿ ಎಲ್ಲಾ ಕೆಂಪಗೇ ಕಾಣ್ತದೆ" ಅಂದರು.

ಅವರು ನೋಡುವ ರೀತಿ ಹೀಗೆ. ಮೇಕೆಯ ತಲೆಯನ್ನ ಕಂಕುಳಲ್ಲಿ ಗಟ್ಟಿಯಾಗಿ ಹಿಡ್ಕೋಬೇಕು. ಒಂದು ಕೈಯ ಹೆಬ್ಬೆರಳಲ್ಲಿ ಮೇಲಿನ ರೆಪ್ಪೆ ಮುಚ್ಚಿ, ಕಣ್ಣುಗುಡ್ಡೆಯನ್ನ ಮೆಲ್ಲಗೆ ಒಳಕ್ಕೆ ಒತ್ತಬೇಕು. ಇನ್ನೊಂದು ಹೆಬ್ಬೆರಳಲ್ಲಿ ಕೆಳಗಿನ ರೆಪ್ಪೆಯನ್ನ ಕೆಳಕ್ಕೆ ಎಳೀಬೇಕು. ಆಗ ರೆಪ್ಪೆಯ ಒಳಚರ್ಮ ಹೊರಕ್ಕೆ ಉಬ್ಬಿ ಬರುತ್ತೆ, ಅದರ ಬಣ್ಣ ನೋಡಬೇಕು. ಕಣ್ಣಿನ ಬಿಳಿ ಭಾಗದ್ದಲ್ಲ, ರೆಪ್ಪೆಯ ಅಂಚಿನದೂ ಅಲ್ಲ. ತುಂಬಾ ಹೊತ್ತು ತೆರೆದು ಹಿಡಿದರೆ ಗಾಳಿಗೆ, ಬಿಸಿಲಿಗೆ ಅದು ಕೆಂಪಾಗಿಬಿಡುತ್ತೆ, ಹಾಗಾಗಿ ಒಂದೇ ನೋಟದಲ್ಲಿ ಹೇಳಬೇಕು. ಎರಡೂ ಕಣ್ಣು ನೋಡಿ, ಯಾವುದು ಹೆಚ್ಚು ಬಿಳಚಿದೆಯೋ ಅದನ್ನೇ ಲೆಕ್ಕಕ್ಕೆ ಹಿಡೀಬೇಕು. ಚೆನ್ನಾಗಿರೋ ಮೇಕೆಯದು ಮಾಗಿದ ದಾಳಿಂಬೆ ಕಾಳಿನ ಬಣ್ಣ. ರಕ್ತ ಇಳಿದ ಹಾಗೆಲ್ಲ ತಿಳಿ ಗುಲಾಬಿಗೆ ಬಂದು, ಕೊನೆಗೆ ಬಿಳಿ ಕಾಗದದ ಹಾಗೆ ಆಗುತ್ತೆ. ಇದನ್ನೇ ದಕ್ಷಿಣ ಆಫ್ರಿಕಾದಲ್ಲಿ ಐದು ಬಣ್ಣದ ಒಂದು ಕಾರ್ಡ್ ಮಾಡಿದ್ದಾರೆ, ಫಮಾಚ ಕಾರ್ಡ್ ಅಂತ. ಅದರಲ್ಲಿ 1 ಅಂದ್ರೆ ಕೆಂಪು, 5 ಅಂದ್ರೆ ಬಿಳಿ. ಆಮೇಲೆ ನಮ್ಮ ಪಶುವೈದ್ಯರು ಅದನ್ನ ತೋರಿಸಿದಾಗ ನನಗೆ ತುಂಬಾ ಖುಷಿಯಾಯಿತು. ಅಜ್ಜ ಅಂಥ ಕಾರ್ಡ್ ಇಲ್ಲದೆ ಅವರಪ್ಪನಿಂದ ಕಲಿತಿದ್ದರು.

ಆವತ್ತು ನೋಡಿದ್ದು 21 ಮೇಕೆ. ಹನ್ನೊಂದಕ್ಕೆ ಕೆಂಪಿತ್ತು, ಹೋತ ಅದರಲ್ಲಿ ಒಂದು. ಆರಕ್ಕೆ ತಿಳಿ ಗುಲಾಬಿ. ನಾಲ್ಕಕ್ಕೆ ಬಿಳಿ. ಕರಿಕಿವಿ ಆ ನಾಲ್ಕರಲ್ಲಿ ಇತ್ತು. ಬಿಳಚಿದ ಹತ್ತರಲ್ಲಿ ಎಂಟು ಈದು ಒಂದೂವರೆ ತಿಂಗಳಾಗಿದ್ದವು. ಈದ ಆಸುಪಾಸಿನಲ್ಲಿ ಮೇಕೆಯ ಮೈ ಜಂತನ್ನ ತಡೆಯೋ ಶಕ್ತಿ ಕಳ್ಕೊಳ್ಳುತ್ತೆ, ಆಗಲೇ ಹುಳ ಜಾಸ್ತಿಯಾಗೋದು.

ಸಂಜೆ ಇನ್ನೊಂದು ತೋರಿಸಿದರು. ಕರಿಕಿವಿಯ ದವಡೆ ಕೆಳಗೆ, ಗದ್ದದ ಹಿಂದೆ, ನಿಂಬೆಹಣ್ಣಿನಷ್ಟು ಊತ. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ರಕ್ತದ ಸಾರ ಹೋದ ಮೇಲೆ ಅಲ್ಲಿ ನೀರು ತುಂಬಿಕೊಳ್ಳುತ್ತೆ. ನಾನು ದಿನಾ ಮೇಕೆಗಳನ್ನ ಸರಿಯಾಗಿ ನೋಡ್ತಿದ್ದದ್ದು ಬೆಳಿಗ್ಗೆ ಹೊತ್ತು. ಹಗಲೆಲ್ಲ ತಲೆ ಬಗ್ಗಿಸಿ ಮೇಯುವಾಗ ನೀರು ಗದ್ದಕ್ಕೆ ಇಳಿದಿರುತ್ತೆ, ರಾತ್ರಿ ತಲೆ ಎತ್ತಿ ಮಲಗಿ ಮೆಲುಕು ಹಾಕುವಾಗ ಊತ ಇಳಿದುಹೋಗುತ್ತೆ. ಎಷ್ಟು ದಿನದಿಂದ ಸಂಜೆ ಊದಿ ಬೆಳಿಗ್ಗೆ ಇಳೀತಿತ್ತೋ, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅದಕ್ಕೆ ಈಗಲೂ ಸಂಜೆ ಮೇಕೆ ಕೊಟ್ಟಿಗೆ ಹತ್ತುವಾಗ ಬಾಗಿಲಲ್ಲಿ ನಿಂತು ಒಂದೊಂದರ ಗದ್ದದ ಕೆಳಗೆ ಕೈ ಆಡಿಸ್ತೀನಿ. ಅದಕ್ಕೆ ಐದು ನಿಮಿಷ ಸಾಕು.

ಮಾರನೇ ದಿನ ಬೆಳಿಗ್ಗೆನೇ ಪಶು ಆಸ್ಪತ್ರೆಗೆ ಹೋದೆ. ಬಿಳಚಿದ ಮೇಕೆಗಳ ಹೊಸ ಹಿಕ್ಕೆಯನ್ನ ಬೇರೆ ಬೇರೆ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಹಿಕ್ಕೆಯಲ್ಲಿ ಮೊಟ್ಟೆ ತುಂಬಿಕೊಂಡಿತ್ತು. ಈ ಹುಳದಲ್ಲಿ ಒಂದು ಹೆಣ್ಣು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತಂತೆ. ಜೂನ್‌ನಲ್ಲೇ ಔಷಧಿ ಕುಡಿಸಿದ್ದೆನಲ್ಲ ಸರ್ ಅಂದೆ. ಎಷ್ಟು ಕುಡಿಸಿದೆ ಅಂತ ವೈದ್ಯರು ಕೇಳಿದರು. ಎಲ್ಲಾ ಮೇಕೆ ಇಪ್ಪತ್ತು ಕೆಜಿ ಇರಬಹುದು ಅಂತ ಅಂದಾಜು ಮಾಡಿ, ಎಲ್ಲಕ್ಕೂ ಒಂದೇ ಅಳತೆ ಕುಡಿಸಿದ್ದೆ. ಮನೆಗೆ ಬಂದು ಗೋಣಿಚೀಲದ ತೊಟ್ಟಿಲು ಮಾಡಿ ತಕ್ಕಡಿಗೆ ನೇತುಹಾಕಿ ತೂಗಿದೆ. 27, 31, ದೊಡ್ಡದು 34 ಕೆಜಿ! ಅಂದ್ರೆ ದೊಡ್ಡ ಮೇಕೆಗೆ ಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಔಷಧಿ ಹೋಗಿತ್ತು ಅಷ್ಟೇ. ಅಷ್ಟು ಕೊಟ್ಟರೆ ಹುಳ ಸಾಯಲ್ಲ, ಔಷಧಿ ತಡ್ಕೊಳ್ಳೋ ಹುಳಗಳು ಉಳಿದು ಅವುಗಳ ಸಂತಾನವೇ ಬೆಳೆಯುತ್ತೆ. ಜೊತೆಗೆ ಕೆಲವು ಔಷಧಿಗಳು ಮೇಕೆಯ ಮೈಯಲ್ಲಿ ಕುರಿಗಿಂತ ಬೇಗ ಕರಗಿಹೋಗ್ತವೆ. ಕುರಿಗೆ ಹೇಳಿದ ಅಳತೆ ಮೇಕೆಗೆ ಸಾಲದೆ ಬರಬಹುದು, ಆದರೆ ಎಲ್ಲಾ ಔಷಧಿಗೂ ಹಾಗಲ್ಲ, ಕೆಲವನ್ನ ಜಾಸ್ತಿ ಕೊಟ್ಟರೆ ವಿಷ ಆಗುತ್ತೆ. ಗಬ್ಬದ ಮೊದಲ ದಿನಗಳಲ್ಲಿ ಕೊಡಲೇಬಾರದ ಔಷಧಿಯೂ ಇದೆ. ಹಾಗಾಗಿ ಔಷಧಿ ಹೆಸರು, ಅಳತೆ ನಾನು ಇಲ್ಲಿ ಬರೆಯಲ್ಲ. ತೂಕ ಬರ್ಕೊಂಡು, ಗಬ್ಬ ಯಾವುದು ಅಂತ ಗುರುತು ಮಾಡ್ಕೊಂಡು ಹೋಗಿ ವೈದ್ಯರನ್ನ ಕೇಳಿ.

ಅವರು ಬೇರೆ ಗುಂಪಿನ ಔಷಧಿ ಬರೆದುಕೊಟ್ಟರು. ಬಿಳಚಿದ ಹತ್ತಕ್ಕೆ ಮಾತ್ರ ಕುಡಿಸು, ಕೆಂಪಿರೋ ಹನ್ನೊಂದಕ್ಕೆ ಬೇಡ ಅಂದರು. ನನಗೆ ಭಯ ಆಯಿತು. ಎಲ್ಲಕ್ಕೂ ಕುಡಿಸಿದರೆ ಒಳ್ಳೇದಲ್ವಾ ಅಂತ ಕೇಳಿದೆ. ಎಲ್ಲಕ್ಕೂ ಕುಡಿಸಿದರೆ ಔಷಧಿಗೆ ಬಗ್ಗದ ಹುಳ ಮಾತ್ರ ಮಂದೆಯಲ್ಲಿ ಉಳಿಯುತ್ತೆ. ಗಟ್ಟಿ ಮೇಕೆಗಳಲ್ಲಿ ಔಷಧಿಗೆ ಬಗ್ಗೋ ಹುಳ ಸ್ವಲ್ಪ ಇದ್ದರೆ, ಮುಂದಿನ ತಳಿಯಲ್ಲಿ ಅವು ಬೆರೆತು, ಔಷಧಿ ಇನ್ನಷ್ಟು ವರ್ಷ ಕೆಲಸ ಮಾಡುತ್ತೆ ಅಂತ ವಿವರಿಸಿದರು. ಹದಿನಾಲ್ಕು ದಿನ ಬಿಟ್ಟು ಮತ್ತೆ ಹಿಕ್ಕೆ ತಂದು ತೋರಿಸು, ಔಷಧಿ ನಾಟಿತೋ ಇಲ್ಲವೋ ಗೊತ್ತಾಗುತ್ತೆ ಅಂದರು. ತೋರಿಸಿದೆ. ಮೊಟ್ಟೆ ಹೆಚ್ಚುಕಮ್ಮಿ ಇಲ್ಲವಾಗಿತ್ತು.

ಬಿಳಿ ನಾಲ್ಕರಲ್ಲಿ ಒಂದು ಔಷಧಿ ಕುಡಿಸಿದ ರಾತ್ರಿಯೇ ಹೋಯಿತು. ಹುಳ ಸತ್ತ ಮಾತ್ರಕ್ಕೆ ರಕ್ತ ಬರಲ್ಲ ಅಲ್ವಾ. ಉಳಿದ ಮೂರನ್ನ ನಡೆಸಬೇಡ, ಓಡಿಸಬೇಡ ಅಂದರು ಅಜ್ಜ. ಅಷ್ಟು ರಕ್ತ ಇಳಿದ ಮೇಕೆಯನ್ನ ಅಟ್ಟಿಸಿಕೊಂಡು ಹಿಡಿಯೋಕೆ ಹೋದರೆ ನಿಂತಲ್ಲೇ ಬಿದ್ದು ಸಾಯುತ್ತೆ. ನೆರಳಲ್ಲಿ ಕಟ್ಟಿ, ಬಾಯಿ ಹತ್ತಿರವೇ ಸೊಪ್ಪು, ನೀರು. ನೂರು ಗ್ರಾಂ ಶೇಂಗಾ ಹಿಂಡಿ ನೆನೆಸಿ ಎರಡು ಹೊತ್ತು ಹಂಚಿ ಕೊಟ್ಟೆ. ಒಂದೇ ಸಲಕ್ಕೆ ಜಾಸ್ತಿ ಕೊಟ್ಟರೆ ಹೊಟ್ಟೆ ಕೆಡುತ್ತೆ, ಬೂಸ್ಟು ಹಿಡಿದ ಹಿಂಡಿ ಮುಟ್ಟಲೂಬಾರದು. ಹತ್ತು ದಿನಕ್ಕೆ ಕರಿಕಿವಿಯ ಗದ್ದದ ಊತ ಇಳಿಯಿತು. ರೆಪ್ಪೆಗೆ ಗುಲಾಬಿ ಬಣ್ಣ ಬರೋಕೆ ನಾಲ್ಕು ವಾರ ಹಿಡಿಯಿತು.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಅಜ್ಜನ ಜೊತೆ ಬೇಲಿ ಹತ್ತಿರ ನಿಂತು, ಆವತ್ತು ನೆಲ ಹಸಿ ಐತೆ ಅಂದ್ರಲ್ಲ, ಹುಳದ ವಿಷಯನೇ ಹೇಳಿದ್ದಾ ಅಂತ ಕೇಳಿದೆ. "ಇಬ್ನಿ ಇರೋ ಹುಲ್ಲಿನ ತುದೀಗೆ ಹುಳ ಹತ್ತಿ ಕುಂತಿರ್ತದೆ ಅಂತ ನಮ್ಮಪ್ಪ ಹೇಳೋನು. ನಾನಂತೂ ಕಣ್ಣಲ್ಲಿ ಕಂಡಿಲ್ಲ. ಇಬ್ನಿ ಆರೋಗಂಟ ಬಿಡೋದಿಲ್ಲ" ಅಂದರು.

ಅವರಪ್ಪ ಹೇಳಿದ್ದು ಹೆಚ್ಚುಕಮ್ಮಿ ನಿಜ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗೆ, ಹಸಿಯಾಗಿ ಇದ್ದರೆ ಒಂದು ವಾರದ ಒಳಗೆ ಮರಿಹುಳ ಆಗುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಎಲೆ ಮೇಲೆ ನೀರಿನ ತೇವ ಇದ್ದರೆ ಅದರಲ್ಲೇ ಈಜಿಕೊಂಡು ಹುಲ್ಲು ಹತ್ತುತ್ತೆ, ಆದರೆ ಹೆಚ್ಚಿನವು ನೆಲದಿಂದ ಒಂದು ಗೇಣಿನ ಒಳಗೇ ಇರ್ತವೆ. ಮೇಕೆ ಹೊಟ್ಟೆ ಸೇರಿದ ಮೇಲೆ ಮೂರು ವಾರಕ್ಕೆ ತಾನೂ ಮೊಟ್ಟೆ ಇಡೋಕೆ ಶುರು ಮಾಡುತ್ತೆ. ನಮ್ಮ ಬಯಲುಸೀಮೆಯ ಬಿಸಿಲಿಗೆ, ಒಣ ನೆಲಕ್ಕೆ ಈ ಹುಳ ಬದುಕೋದು ಕಷ್ಟ. ನಾನು ಸ್ಪ್ರಿಂಕ್ಲರ್ ಹಾಕಿ ಅದಕ್ಕೆ ಅರ್ಧ ಎಕರೆ ಮಳೆಗಾಲ ಮಾಡಿಕೊಟ್ಟಿದ್ದೆ. ಅದೇ ತುಂಡಿನಲ್ಲಿ ದಿನಾ ಹಿಕ್ಕೆ ಹಾಕಿಸಿ, ದಿನಾ ಬೆಳಿಗ್ಗೆ ಇಬ್ಬನಿಯಲ್ಲಿ, ಮೋಟು ಹುಲ್ಲಿನ ಬುಡದ ತನಕ ಮೇಯಿಸಿದ್ದೆ. ಅದರ ಮೇಲೆ ಆ ವರ್ಷದ ಮಳೆ. ಕೊಟ್ಟಿಗೆಯನ್ನ ನಾಲ್ಕು ಅಡಿ ಎತ್ತರಿಸಿ ಹಿಕ್ಕೆಯಿಂದ ದೂರ ಇಟ್ಟೆ ಅಂತ ನೆಮ್ಮದಿಯಾಗಿದ್ದವನು, ಬೆಳಿಗ್ಗೆ ನಾನೇ ಬಾಗಿಲು ತೆಗೆದು ಹುಳ ತಿನ್ನಿಸೋಕೆ ಬಿಡ್ತಿದ್ದೆ. ಈಗಲೂ ಅದನ್ನ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಅಜ್ಜನ ಮೇಕೆಗಳಿಗೆ ಯಾಕೆ ಹಾಗೆ ಆಗಲಿಲ್ಲ ಅನ್ನೋದನ್ನ ಅವರ ಹಿಂದೆ ಎರಡು ತಿಂಗಳು ತಿರುಗಿ ನೋಡಿದೆ. "ಕುರಿ ನೆಲ ನೋಡ್ತದೆ, ಮೇಕೆ ಗಿಡ ನೋಡ್ತದೆ" ಅಂತ ಅವರ ಮಾತು. ಕುರಿಗಳು ತಲೆ ಬಗ್ಗಿಸಿ ಒಂದೇ ಕಡೆ ಮೇಯ್ತಿದ್ದರೆ ಮೇಕೆಗಳು ಹಿಂಗಾಲ ಮೇಲೆ ನಿಂತು ಎಲಚಿ, ಕರಿಜಾಲಿ ಕಡೀತಿರ್ತವೆ. ಒಂದು ಗಿಡದಲ್ಲಿ ನಾಲ್ಕು ಬಾಯಿ, ಮುಂದಿನ ಗಿಡಕ್ಕೆ ಓಟ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಅದು ಎಲ್ಲವನ್ನೂ ಮುಟ್ಟುತ್ತೆ ಹೊರತು ಯಾವುದನ್ನೂ ಬುಡದ ತನಕ ತಿನ್ನಲ್ಲ. ಗಿಡದ ಮೇಲಕ್ಕೆ ಹುಳ ಹತ್ತಲ್ಲ. ಮೇಕೆ ಹಾಗೆ ಎತ್ತರದ್ದನ್ನೇ ತಿಂದು ಬೆಳೆದ ಪ್ರಾಣಿ ಆಗಿರೋದರಿಂದಲೇ ಅದಕ್ಕೆ ಈ ಹುಳ ತಡೆಯೋ ಶಕ್ತಿ ಕುರಿಗಿಂತ ಕಡಿಮೆ. ಅದನ್ನ ತಂದು ಹುಲ್ಲಿನಲ್ಲಿ ಕೂಡಿಹಾಕಿದರೆ ಸೋಲುತ್ತೆ. ಜಾಲಿ ಸೊಪ್ಪಿನ ಒಗರು ಕೂಡ ಹುಳವನ್ನ ಸ್ವಲ್ಪ ಹತೋಟಿಯಲ್ಲಿ ಇಡುತ್ತೆ.

ಅಜ್ಜನ ಎಲ್ಲಾ ಮಾತನ್ನೂ ನಾನು ಹಾಗೇ ಒಪ್ಪಿಕೊಂಡಿಲ್ಲ. ಬೇವಿನ ಕಷಾಯ ಕುಡಿಸಿದರೆ ಸಾಕು ಅಂತ ಅವರು ಮೊದಲು ಹೇಳಿದ್ದರು. ಗದ್ದ ಊದಿದ ಮೇಕೆಗೆ ಅದನ್ನ ನಂಬಿ ಕೂತಿದ್ದರೆ ಕರಿಕಿವಿ ಉಳೀತಿರಲಿಲ್ಲ. ಕಣ್ಣು ನೋಡೋದಕ್ಕೂ ಮಿತಿ ಇದೆ. ಉಣ್ಣೆ ಜಾಸ್ತಿ ಕಚ್ಚಿದ್ದರೆ, ಮೇವಿಲ್ಲದೆ ಸೊರಗಿದ್ದರೆ ಆಗಲೂ ರೆಪ್ಪೆ ಬಿಳಚುತ್ತೆ. ಧೂಳು ಬಿದ್ದು ಕಣ್ಣು ಕೆಂಪಾಗಿದ್ದರೆ ರಕ್ತ ಇಲ್ಲದ ಮೇಕೆಯೂ ಚೆನ್ನಾಗಿರೋ ಹಾಗೆ ಕಾಣುತ್ತೆ. ರಕ್ತ ಕುಡಿಯದ ಬೇರೆ ಜಂತುಗಳು ಇದ್ದರೆ ಕಣ್ಣು ಏನೂ ಹೇಳಲ್ಲ. ಅದಕ್ಕೇ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕಣ್ಣು ನೋಡ್ತೀನಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಅನುಮಾನ ಬಂದರೆ ಹಿಕ್ಕೆ ಪೊಟ್ಟಣ ಕಟ್ಟಿಕೊಂಡು ಆಸ್ಪತ್ರೆಗೆ ಹೋಗ್ತೀನಿ.

ಗಿನಿ ಹುಲ್ಲು ಈಗಲೂ ಇದೆ. ಅದರೊಳಗೆ ಒಂದು ಮೇಕೆಯೂ ಕಾಲಿಡಲ್ಲ. ನಾನೇ ನೆಲದಿಂದ ಒಂದು ಗೇಣು ಬಿಟ್ಟು ಕೊಯ್ದು, ಬಿಸಿಲಲ್ಲಿ ಬಾಡಿಸಿ, ಮೇಕೆಯ ಎದೆಮಟ್ಟಕ್ಕೆ ಕಟ್ಟಿದ ಗೋದಲಿಗೆ ಹಾಕ್ತೀನಿ. ಮೊದಲು ನೆಲಕ್ಕೇ ಹರಡ್ತಿದ್ದೆ, ಅದೂ ತಪ್ಪೇ. ಬೇಲಿ ಉದ್ದಕ್ಕೂ ಸೊಪ್ಪಿಗೆ ಅಂತ ಅಗಸೆ ಮರ, ಗ್ಲಿರಿಸಿಡಿಯಾ ನೆಟ್ಟಿದ್ದೀನಿ. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬನಿ ಆರಿದ ಮೇಲೆ ಅಜ್ಜನ ಮಂದೆ ಜೊತೆ ನನ್ನದೂ ಹೊರಡುತ್ತೆ. 2023ರ ಮಳೆಗಾಲದಲ್ಲಿ ಔಷಧಿ ಬೇಕಾದದ್ದು ನಾಲ್ಕೇ ಮೇಕೆಗೆ. ಹುಳಕ್ಕೆ ಒಂದೂ ಸಾಯಲಿಲ್ಲ. ಆದರೆ ಆ ವರ್ಷ ಮಳೆಯೂ ಕಡಿಮೆ ಇತ್ತು, ಅದನ್ನೂ ಹೇಳಬೇಕು.

ಅಜ್ಜನಿಗೆ ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ. ದೂರದ ಮೇಕೆಯನ್ನ ಅದರ ಕೂಗಿನಿಂದ ಗುರುತು ಹಿಡೀತಾರೆ, ಗದ್ದದ ಊತವನ್ನ ಬೆರಳಿಂದ ಹೇಳ್ತಾರೆ. ರೆಪ್ಪೆಯ ಬಣ್ಣ ಮಾತ್ರ ಅವರಿಗೆ ಕಾಣಲ್ಲ. ಮೊನ್ನೆ ಹಟ್ಟಿಗೆ ಬರೋಕೆ ಹೇಳಿ ಕಳಿಸಿದ್ದರು. ಹೋದೆ. ರೊಪ್ಪದ ಬಾಗಿಲಲ್ಲಿ ಕಂಬಳಿ ಹಾಸ್ಕೊಂಡು ಕೂತಿದ್ದರು. ಮೊಮ್ಮಗ ಒಂದೊಂದೇ ಮೇಕೆ ಹಿಡಿದು ತಂದ. ನಾನು ಬಿಸಿಲಿಗೆ ತಿರುಗಿಸಿ ರೆಪ್ಪೆ ಎಳೆದೆ.

"ಹೆಂಗೈತೆ?"

"ಕೆಂಪು ಅಜ್ಜ."

"ಬಿಡು. ಮುಂದಿಂದು ತಗಾ."